ನಡುಮನೆಗೆ ಬೆಳಕು ಇಳಿಸುವ ಕೆಲಸ

ಬೆಂಗಳೂರಿನ ಯಾವುದೇ ಹೊಸ ಬಡಾವಣೆಯಲ್ಲಿ ಇಪ್ಪತ್ತು–ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆಯೊಳಗೆ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೋಡಿ. ಮುಂದಿನ ಹಾಲ್‌ನಲ್ಲಿ ಬೆಳಕಿರುತ್ತದೆ. ಹತ್ತು ಹೆಜ್ಜೆ ಒಳಗೆ ಹೋದರೆ ಊಟದ ಮೇಜು, ಅದರ ಮೇಲೆ ಉರಿಯುತ್ತಿರುವ ಟ್ಯೂಬ್‌ಲೈಟ್. ಅದರ ಹಿಂದೆ ಅಡುಗೆಮನೆ, ಅಲ್ಲೂ ಒಂದು ಟ್ಯೂಬ್‌ಲೈಟ್. ಹೊರಗೆ ಕಣ್ಣು ಬಿಡಲಾರದಷ್ಟು ಬಿಸಿಲು, ಒಳಗೆ ಹಗಲಿಡೀ ದೀಪ. ಎರಡೂ ಪಕ್ಕದಲ್ಲಿ ಕೈಚಾಚಿದರೆ ಸಿಗುವಷ್ಟು ಹತ್ತಿರ ಬೇರೆಯವರ ಗೋಡೆ. ಕಿಟಕಿಗಳಿವೆ ನಿಜ, ಆದರೆ ಅವು ತೆರೆದುಕೊಳ್ಳುವುದು ಆ ಗೋಡೆಗೆ.

ಇದು ಕಿಟಕಿ ಚಿಕ್ಕದಾದ್ದರಿಂದ ಬಂದ ಕತ್ತಲೆಯಲ್ಲ. ಕಿಟಕಿಯಿಂದ ಬರುವ ಬೆಳಕು ಒಳಗೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಕಟ್ಟಡದವರಲ್ಲಿ ಒಂದು ಹಳೆಯ ಅಂದಾಜು ಇದೆ: ಕಿಟಕಿಯ ತಲೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು. ನಮ್ಮ ಕಡೆ ಲಿಂಟಲ್ ಸಾಮಾನ್ಯವಾಗಿ ಏಳಡಿಗೆ ಬರುತ್ತದೆ. ಅಂದರೆ ಹದಿನಾಲ್ಕರಿಂದ ಹದಿನೇಳು ಅಡಿ. ಮನೆ ಮೂವತ್ತನಾಲ್ಕು ಅಡಿ ಆಳವಿದ್ದು ಹಿಂಬದಿಗೂ ಇನ್ನೊಬ್ಬರ ಮನೆ ಇದ್ದರೆ, ರಸ್ತೆ ಕಡೆಯ ಕಿಟಕಿಯನ್ನು ಗೋಡೆಯಗಲಕ್ಕೆ ಮಾಡಿದರೂ ನಡುಮನೆಗೆ ಪ್ರಯೋಜನವಿಲ್ಲ. ಪರೀಕ್ಷೆ ಸುಲಭ. ನೀವು ಕೂತ ಜಾಗದಿಂದ ಕತ್ತು ಬಗ್ಗಿಸಿ ನೋಡಿದಾಗ ಆಕಾಶದ ಒಂದು ಚೂರಾದರೂ ಕಾಣುತ್ತದೆಯೇ? ಕಾಣದಿದ್ದರೆ ಆ ಜಾಗ ಬದುಕುವುದು ಬೇರೆ ಗೋಡೆಗಳು ತಿರುಗಿಸಿ ಕಳಿಸಿದ ಬೆಳಕಿನ ಮೇಲೆ ಮಾತ್ರ.

ಹಾಗಾಗಿ ಬೆಳಕನ್ನು ಮೇಲಿನಿಂದಲೇ ಇಳಿಸಬೇಕು. ಇದು ನಮಗೆ ಹೊಸದಲ್ಲ. ಮಲೆನಾಡಿನಲ್ಲಿ, ಹಳೆ ಮೈಸೂರಿನ ಕಡೆ ತೊಟ್ಟಿಮನೆಯ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಇರುತ್ತಿತ್ತು. ಹೆಂಚಿನ ಮನೆಯ ಅಡುಗೆಕೋಣೆಯಲ್ಲಿ ನಾಲ್ಕು ಹೆಂಚಿನ ನಡುವೆ ಒಂದು ಗಾಜಿನ ಹೆಂಚು ಇರುತ್ತಿತ್ತು. ಈಗಿನ ಮನೆಗಳಲ್ಲೂ ಅದರ ಮೊಮ್ಮಗುವಿದೆ. ಎಂಜಿನಿಯರುಗಳು ಅದನ್ನು ‘ಓಟಿಎಸ್’ ಅನ್ನುತ್ತಾರೆ, ಮೇಸ್ತ್ರಿಗಳು ‘ಡಕ್ಟ್’ ಅನ್ನುತ್ತಾರೆ. ಬಹುತೇಕ ಮನೆಗಳಲ್ಲಿ ಅದು ಮೂರಡಿಗೆ ಮೂರಡಿಯ ಒಂದು ತೂತು. ಬಚ್ಚಲಿನ ಪೈಪುಗಳು ಅದರೊಳಗೇ ಇಳಿಯುತ್ತವೆ. ಒಳಗೋಡೆಗೆ ಬಣ್ಣವಿರಲಿ, ಎಷ್ಟೋ ಕಡೆ ಗಾರೆಯೂ ಇರುವುದಿಲ್ಲ. ಮಳೆ ಬರುತ್ತದೆಂದು ಮೇಲೆ ಒಂದು ಪ್ಲಾಸ್ಟಿಕ್ ಶೀಟ್, ಎರಡು ವರ್ಷದಲ್ಲಿ ಅದು ಹಳದಿ. ಬೆಳಕಿಗೆಂದು ಬಿಟ್ಟ ಜಾಗ, ಬೆಳಕು ಮಾತ್ರ ಇಲ್ಲ.

ಏಕೆ ಇಲ್ಲ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡಬಹುದು. ಐದಡಿಗೆ ಐದಡಿಯ ಒಂದು ಬಾವಿಯನ್ನು ಮನಸ್ಸಿಗೆ ತಂದುಕೊಳ್ಳಿ, ಮೇಲೆ ಪೂರ್ತಿ ತೆರೆದಿದೆ. ಒಂದೇ ಅಂತಸ್ತು, ಅಂದರೆ ಹತ್ತಡಿ ಕೆಳಗೆ ನೆಲದ ಮೇಲೆ ನಿಂತು ನೋಡಿದರೆ, ತಾರಸಿಯ ಮೇಲೆ ಬಯಲಿನಲ್ಲಿ ಆಕಾಶದಿಂದ ಬೀಳುವ ಬೆಳಕಿನ ನೂರರಲ್ಲಿ ಸುಮಾರು ಏಳು ಪಾಲು ನೇರವಾಗಿ ಆ ನೆಲಕ್ಕೆ ಸಿಗುತ್ತದೆ. ಇಪ್ಪತ್ತಡಿ ಇಳಿದರೆ ಎರಡು ಪಾಲು. ಮೂವತ್ತಡಿ ಇಳಿದರೆ ಒಂದು ಪಾಲಿಗಿಂತ ಕಡಿಮೆ. ಆಳ ಎರಡರಷ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಮೇಲಿನ ತೂತು ಕೆಳಗಿನಿಂದ ಅಷ್ಟು ಚಿಕ್ಕದಾಗಿ ಕಾಣುತ್ತದಲ್ಲ, ಅದೇ ಕಾರಣ. ನಮ್ಮ ಭಾರತೀಯ ಮಾನಕದಲ್ಲಿ ಬಯಲಿನ ಬೆಳಕನ್ನು 8,000 ಲಕ್ಸ್ ಎಂದು ಹಿಡಿದು ಲೆಕ್ಕ ಮಾಡುತ್ತಾರೆ. ಅದರ ಪ್ರಕಾರ ಅಡುಗೆಮನೆಗೆ ನೂರರಲ್ಲಿ ಎರಡೂವರೆ ಪಾಲು, ಅಂದರೆ 200 ಲಕ್ಸ್ ಬೇಕು. ಐದಡಿಯ ಬಾವಿಯೇ ಮೂವತ್ತಡಿಯ ತಳದಲ್ಲಿ ನೇರವಾಗಿ ಕೊಡುವುದು 70 ಲಕ್ಸ್ ಅಷ್ಟೆ, ಅದೂ ತೂತಿನ ಕೆಳಗಿನ ನೆಲಕ್ಕೆ. ಪಕ್ಕದ ಕೋಣೆಗಲ್ಲ. ಇನ್ನು ಮೂರಡಿಯ ಡಕ್ಟಿನ ಪಾಡು ಹೇಳಬೇಕಿಲ್ಲ.

ಇಲ್ಲಿಯೇ ಹೆಚ್ಚಿನವರು ತಪ್ಪು ದಾರಿ ಹಿಡಿಯುತ್ತಾರೆ. ತೂತನ್ನು ದೊಡ್ಡದು ಮಾಡಬೇಕು, ಅದು ಸಾಧ್ಯವಿಲ್ಲ, ಆದ್ದರಿಂದ ಬೆಳಕು ಬರುವುದಿಲ್ಲ ಎಂದು ಕೈಬಿಡುತ್ತಾರೆ. ಬೆಳಕಿನ ಬಾವಿಯಲ್ಲಿ ತೂತಿಗಿಂತ ದೊಡ್ಡ ಮಾತು ಬೆಳಕು ಒಳಗೆ ಬಂದಮೇಲೆ ಏನನ್ನು ಮುಟ್ಟುತ್ತದೆ ಎಂಬುದು. ಬಾವಿಯ ಪಕ್ಕದ ಕೋಣೆಯಲ್ಲಿ ಕೂತವರಿಗೆ ಆಕಾಶ ಕಾಣುವುದೇ ಇಲ್ಲ, ಕಾಣುವುದು ಬಾವಿಯ ಎದುರುಗೋಡೆ. ಅವರ ಪಾಲಿಗೆ ಆ ಗೋಡೆಯೇ ಆಕಾಶ. ಒಳ್ಳೆಯ ಬಿಳಿ ಬಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಬಣ್ಣವಿಲ್ಲದ ಸಿಮೆಂಟ್ ಗಾರೆ ನಲವತ್ತನ್ನು ಕಳಿಸಿದರೆ ಹೆಚ್ಚು. ಮೊದಲ ಸಲಕ್ಕೆ ಇದು ಎರಡು ಪಟ್ಟಿನ ವ್ಯತ್ಯಾಸ ಮಾತ್ರ. ಆದರೆ ಬೆಳಕು ಆಳದ ಬಾವಿಯಲ್ಲಿ ಗೋಡೆಯಿಂದ ಗೋಡೆಗೆ ಹಲವು ಸಲ ಬಡಿದು ಇಳಿಯುತ್ತದೆ. ನಾಲ್ಕನೆಯ ಸಲದ ಹೊತ್ತಿಗೆ ಬಿಳಿ ಗೋಡೆಗಳ ನಡುವೆ ನೂರರಲ್ಲಿ ನಲವತ್ತು ಉಳಿದಿರುತ್ತದೆ, ಸಿಮೆಂಟಿನ ನಡುವೆ ಎರಡೂವರೆ. ಹದಿನಾರು ಪಟ್ಟು. ಒಂದು ಡಬ್ಬ ಬಣ್ಣ ಮಾಡುವ ಈ ಕೆಲಸವನ್ನು ತೂತು ದೊಡ್ಡದು ಮಾಡಿ ಸಾಧಿಸಲಾಗದು.

ಬಣ್ಣ ಹೊಳಪಿನದ್ದಾಗಬಾರದು, ಮ್ಯಾಟ್ ಆಗಿರಬೇಕು. ಹೊಳಪಿನ ಮೇಲ್ಮೈ ಬೆಳಕನ್ನು ಕನ್ನಡಿಯಂತೆ ಒಂದೇ ದಿಕ್ಕಿಗೆ ಎಸೆದು ಅಲ್ಲೊಂದು ಇಲ್ಲೊಂದು ಚುಚ್ಚುವ ಮಚ್ಚೆ ಮಾಡುತ್ತದೆ. ಮ್ಯಾಟ್ ಮೇಲ್ಮೈ ಎಲ್ಲ ಕಡೆಗೆ ಹರಡುತ್ತದೆ. ಗೋಡೆಯ ಮೇಲಿನ ತುದಿಯಲ್ಲಿ ಪ್ರಖರವಾಗಿದ್ದ ಬೆಳಕು ಗೆರೆಯಿಲ್ಲದೆ, ಮೆಟ್ಟಿಲಿಲ್ಲದೆ ಮಾಸುತ್ತ ಮಾಸುತ್ತ ಕೆಳಗೆ ಬರುವ ಆ ಇಳಿಜಾರು ಹುಟ್ಟುವುದು ಹೀಗೆ. ಮೇಲೆ ಬಿಳಿ, ನಡುವೆ ಹಾಲಿನ ಬಣ್ಣ, ಕೆಳಗೆ ತಿಳಿ ಬೂದು. ಕಣ್ಣಿಗೆ ಹಿತವಾಗುವುದು ಆ ಇಳಿಜಾರೇ ಹೊರತು ಬೆಳಕಿನ ಪ್ರಮಾಣ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಪ್ಪು ಮಾಳಿಗೆಯ ನಡುವೆ ಚೌಕನೆಯ ಪ್ರಖರ ತೂತು ಇದ್ದರೆ, ಎಷ್ಟೇ ಲಕ್ಸ್ ಬಂದರೂ ಕೋಣೆ ಕತ್ತಲೆಯಾಗಿಯೇ ಅನ್ನಿಸುತ್ತದೆ. ಕಣ್ಣು ತೂತಿನ ಪ್ರಖರತೆಗೆ ಹೊಂದಿಕೊಂಡುಬಿಡುತ್ತದೆ, ಉಳಿದದ್ದೆಲ್ಲ ಮಸುಕು. ಗೋಡೆ ಬೆಳಗಿದರೆ ಕೋಣೆ ಬೆಳಗಿದಂತೆ ಕಾಣುತ್ತದೆ, ಮೇಜಿನ ಮೇಲೆ ಬೀಳುವುದು ಸ್ವಲ್ಪ ಕಡಿಮೆಯಾದರೂ ಸರಿ.

ಅಮೆರಿಕದ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ಊರಿನಲ್ಲಿ ಲೂಯಿ ಕಾನ್ ಕಟ್ಟಿದ ಕಿಂಬೆಲ್ ಕಲಾ ಸಂಗ್ರಹಾಲಯ (1972) ಇದನ್ನು ಮನಗಾಣಿಸುತ್ತದೆ. ನಮ್ಮ ಅಹಮದಾಬಾದಿನ ಐಐಎಂ ಕಟ್ಟಿದ ಅದೇ ಕಾನ್. ಅಲ್ಲಿ ಉದ್ದುದ್ದ ಕಾಂಕ್ರೀಟ್ ಕಮಾನುಗಳಿವೆ, ಪ್ರತಿ ಕಮಾನಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ಸೀಳು. ಟೆಕ್ಸಾಸಿನ ಬಿಸಿಲು ಆ ಸೀಳಿನಿಂದ ನೇರ ನೆಲಕ್ಕೆ ಬೀಳುವುದಿಲ್ಲ. ಸೀಳಿನ ಕೆಳಗೆ ಸಣ್ಣ ತೂತುಗಳಿರುವ ಅಲ್ಯೂಮಿನಿಯಂ ತಗಡನ್ನು ರೆಕ್ಕೆಯಂತೆ ಬಾಗಿಸಿ ತೂಗುಹಾಕಿದ್ದಾರೆ. ಬಂದ ಬೆಳಕು ಆ ರೆಕ್ಕೆಗೆ ಬಡಿದು ವಾಪಸು ಮೇಲಕ್ಕೆ, ಕಮಾನಿನ ಒಳಮೈಗೆ ಹೋಗುತ್ತದೆ. ಬೂದು ಕಾಂಕ್ರೀಟು ಮೇಲೆ ಬೆಳ್ಳಗಾಗಿ, ಅಂಚಿಗೆ ಬರುತ್ತ ಮಂದವಾಗಿ ಕಾಣುತ್ತದೆ. ಚಿತ್ರ ನೋಡುವವರಿಗೆ ಬೆಳಕು ಎಲ್ಲಿಂದ ಬಂತೆಂದು ಕೇಳಬೇಕೆನ್ನಿಸುವುದಿಲ್ಲ.

ಈಗ ನಮ್ಮ ಇಪ್ಪತ್ತು–ನಲವತ್ತಕ್ಕೆ ಬರೋಣ. ರಸ್ತೆ ಪೂರ್ವಕ್ಕೆ, ಮನೆ ಉದ್ದಕ್ಕೆ ಪಶ್ಚಿಮಕ್ಕೆ ಹೋಗಿದೆ. ಒಳಗಿನ ಅಗಲ ಹದಿನೆಂಟು ಅಡಿ, ಉದ್ದ ಮೂವತ್ತನಾಲ್ಕು. ಕೆಳಗೆ ಒಂದು, ಮೇಲೆ ಒಂದು ಅಂತಸ್ತು, ತಾರಸಿಗೆ ಇಪ್ಪತ್ತಡಿ. ಮೊದಲ ನಕ್ಷೆಯಲ್ಲಿ ಮನೆಯ ನಡುಮಧ್ಯೆ ಮೂರಡಿ ಚೌಕದ ಡಕ್ಟ್ ಇರುತ್ತದೆ. ಅದನ್ನು ತೆಗೆದು, ಉತ್ತರದ ಗೋಡೆಗೆ ಅಂಟಿಕೊಂಡು ಮೂರಡಿ ಅಗಲ, ಎಂಟಡಿ ಉದ್ದದ ಒಂದು ಸೀಳನ್ನು ಬಿಡಿ. ಎರಡೂ ಮೋಲ್ಡಿನಲ್ಲಿ ಒಂದೇ ಜಾಗದಲ್ಲಿ ಸೀಳು. ಮುಖ್ಯವಾದ ಮಾತು: ಕೆಳಗಿನ ಅಂತಸ್ತಿನಲ್ಲಿ ಸೀಳಿಗೂ ಊಟದ ಜಾಗಕ್ಕೂ ನಡುವೆ ಗೋಡೆ ಕಟ್ಟಬೇಡಿ. ಊಟದ ಜಾಗ ನೇರವಾಗಿ ಆ ಉತ್ತರ ಗೋಡೆಯವರೆಗೆ ಹೋಗಲಿ. ಆಗ ಕೆಳಗೆ ಕೂತವರ ಪಕ್ಕದಲ್ಲಿ ಇಪ್ಪತ್ತಡಿ ಎತ್ತರದ ಒಂದು ಬಿಳಿ ಗೋಡೆ ಇರುತ್ತದೆ, ಅದರ ನೆತ್ತಿ ಕಾಣುವುದಿಲ್ಲ. ಬೆಳಕು ಆ ಗೋಡೆಯನ್ನು ತೊಳೆಯುತ್ತ ಇಳಿಯುತ್ತದೆ.

ಮೂರಡಿ ಚೌಕದ ಡಕ್ಟ್ ಇಪ್ಪತ್ತಡಿ ಕೆಳಗೆ ನೂರರಲ್ಲಿ ಮುಕ್ಕಾಲು ಪಾಲನ್ನೂ ನೇರವಾಗಿ ತಲುಪಿಸುವುದಿಲ್ಲ. ಮೂರು–ಎಂಟರ ಸೀಳು ಸುಮಾರು ಎರಡು ಪಾಲನ್ನು ತಲುಪಿಸುತ್ತದೆ, ಗೋಡೆಗಳು ತಿರುಗಿಸಿ ಕಳಿಸುವುದು ಇದರ ಮೇಲೆ. ಇದಕ್ಕೆ ತೆರಬೇಕಾದ ಬೆಲೆ ಮಹಡಿಯಲ್ಲಿ ಇಪ್ಪತ್ತನಾಲ್ಕು ಚದರಡಿ. ಡಕ್ಟಿಗೆ ಒಂಬತ್ತು ಹೇಗೂ ಹೋಗುತ್ತಿತ್ತು, ಹೆಚ್ಚಿಗೆ ಹದಿನೈದು. ಮಹಡಿಯ ಮಲಗುವ ಕೋಣೆಯ ಬೀರುವಿನಷ್ಟು ಜಾಗ. ಚದರಡಿಗೆ ಸಾವಿರಗಟ್ಟಲೆ ಸುರಿದವರಿಗೆ ಇದನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ, ನನಗೆ ಅರ್ಥವಾಗುತ್ತದೆ. ಆದರೆ ಬೆಳಕಿಲ್ಲದ ನೂರಿಪ್ಪತ್ತು ಚದರಡಿಯ ಊಟದ ಮನೆಗೂ ಅವರು ಅದೇ ದುಡ್ಡು ಕೊಟ್ಟಿರುತ್ತಾರೆ.

ಉತ್ತರದ ಗೋಡೆಯೇ ಏಕೆ? ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆಗಸ್ಟ್ ಮೂರನೆಯ ವಾರದಿಂದ ಏಪ್ರಿಲ್ ಕೊನೆಯ ವಾರದವರೆಗೆ, ಅಂದರೆ ವರ್ಷದ ಮೂರರಲ್ಲಿ ಎರಡು ಪಾಲು ದಿನ, ನಡುಹಗಲಿನ ಸೂರ್ಯ ನೆತ್ತಿಗಿಂತ ದಕ್ಷಿಣಕ್ಕಿರುತ್ತಾನೆ. ದಕ್ಷಿಣದಿಂದ ಬಂದ ಕಿರಣ ಉತ್ತರದ ಗೋಡೆಗೆ ಬೀಳುತ್ತದೆ, ಕೂತವರ ಕಣ್ಣಿಗೆ ಬೀಳುವುದಿಲ್ಲ. ಎಷ್ಟು ಕೆಳಗಿನವರೆಗೆ ಬೀಳುತ್ತದೆ ಎಂಬುದನ್ನು ಶಾಲೆಯಲ್ಲಿ ಕಲಿತ ತ್ರಿಕೋನಮಿತಿಯಿಂದಲೇ ಲೆಕ್ಕ ಹಾಕಬಹುದು. ಡಿಸೆಂಬರ್ 22ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ 53.6 ಡಿಗ್ರಿ ಮೇಲಿರುತ್ತಾನೆ. ಸೀಳಿನ ಅಗಲ ಮೂರಡಿಯಾದ್ದರಿಂದ ಬಿಸಿಲು ಗೋಡೆಯ ಮೇಲಿನ ನಾಲ್ಕಡಿಯನ್ನಷ್ಟೇ ಮುಟ್ಟುತ್ತದೆ. ಮಾರ್ಚ್ 21ಕ್ಕೆ ಸೂರ್ಯ 77 ಡಿಗ್ರಿಗೆ ಏರುತ್ತಾನೆ, ಬಿಸಿಲು ಹದಿಮೂರು ಅಡಿ ಕೆಳಗಿಳಿಯುತ್ತದೆ. ಅಷ್ಟು ಹೊತ್ತಿಗೆ ಊಟದ ಜಾಗದಲ್ಲಿ ನಿಂತವರಿಗೆ ಬಿಸಿಲಿನ ಕೆಳಗಿನ ಅಂಚು ಕಾಣತೊಡಗಿರುತ್ತದೆ. ಏಪ್ರಿಲ್ 24ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ವಿಜ್ಞಾನಾಸಕ್ತರು ‘ಶೂನ್ಯ ನೆರಳಿನ ದಿನ’ ಎಂದು ಆಚರಿಸುವುದು ಇದನ್ನೇ. ಅಂದು ಬಿಸಿಲು ಯಾವ ಗೋಡೆಗೂ ಬಡಿಯದೆ ಇಪ್ಪತ್ತಡಿ ನೇರ ಇಳಿದು ನೆಲದ ಮೇಲೆ ಮೂರು–ಎಂಟರ ಚೌಕ ಹಾಸುತ್ತದೆ.

ಏಪ್ರಿಲ್, ಮೇ ತಿಂಗಳೇ ಈ ಸೀಳಿನ ಕಷ್ಟದ ಕಾಲ. ತಂಪು ದೇಶಗಳ ಪುಸ್ತಕ ನೋಡಿ ಗಾಜಿನ ಮಾಡು ಮಾಡಿಸಿದವರು ಇಲ್ಲಿ ಬೇಯುತ್ತಾರೆ. ಅಲ್ಲಿ ಸೂರ್ಯ ಸದಾ ಓರೆ, ಇಲ್ಲಿ ನೆತ್ತಿ. ಮಲಗಿಸಿದ ಗಾಜು ನಮ್ಮ ಬೇಸಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಸಿಲು ಕುಡಿಯುವ ಮೇಲ್ಮೈ. ಅದಕ್ಕೆ ಎರಡು ಉಪಾಯಗಳಿವೆ. ಗಾಜಿನ ಅಡಿಯಲ್ಲಿ ಸೀಳಿನ ಉದ್ದಕ್ಕೆ ಬಿಳಿ ಬಳಿದ ತೆಳು ಪಟ್ಟಿಗಳನ್ನು, ಸಿಮೆಂಟಿನವೋ ಅಲ್ಯೂಮಿನಿಯಮ್ಮಿನವೋ, ಅಂಚಿನ ಮೇಲೆ ನಿಲ್ಲಿಸಿ ದಕ್ಷಿಣಕ್ಕೆ ವಾಲಿಸುವುದು ಒಂದು. ಓರೆ ಬಿಸಿಲು ನುಸುಳುತ್ತದೆ, ನೆತ್ತಿಯ ಬಿಸಿಲು ಪಟ್ಟಿಗೆ ಬಡಿದು ಮೆದುವಾಗಿ ಇಳಿಯುತ್ತದೆ. ಇನ್ನೊಂದು, ಗಾಜನ್ನು ಮಲಗಿಸದೆ ನಿಲ್ಲಿಸಿಬಿಡುವುದು. ಸೀಳನ್ನು ದಕ್ಷಿಣದ ಗೋಡೆಗೆ ಒಯ್ದು, ಅದರ ಮೇಲೆ ತಾರಸಿಯಲ್ಲಿ ಮೂರಡಿ ಎತ್ತರದ ಪೆಟ್ಟಿಗೆ ಕಟ್ಟಿ, ಉತ್ತರದ ಮುಖಕ್ಕೆ ಮಾತ್ರ ಗಾಜು ಇಟ್ಟು, ಮೇಲೆ ಕಾಂಕ್ರೀಟ್ ಮುಚ್ಚಳ ಹಾಕಿ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ವಾಲಿದರೂ ನಡುಹಗಲಿಗೆ ನೆತ್ತಿಯಿಂದ ಹತ್ತೂವರೆ ಡಿಗ್ರಿಯಷ್ಟೇ ಜಾರಿರುತ್ತಾನೆ. ಮುಚ್ಚಳವನ್ನು ಒಂಬತ್ತು ಇಂಚು ಮುಂದಕ್ಕೆ ಚಾಚಿದರೆ ಮೂರಡಿ ಗಾಜಿಗೆ ಆ ಹೊತ್ತಿನ ಬಿಸಿಲು ತಾಗುವುದೇ ಇಲ್ಲ. ಉತ್ತರ ಆಕಾಶದ ಬೆಳಕು ಓರೆಯಾಗಿ ಒಳಬಂದು ದಕ್ಷಿಣದ ಗೋಡೆಯನ್ನು ಬೆಳಗುತ್ತದೆ. ಬೆಳಕು ಕಡಿಮೆ, ಆದರೆ ವರ್ಷವಿಡೀ ಒಂದೇ ಹದ. ಓದುವ, ಹೊಲಿಯುವ ಜಾಗವಾದರೆ ನಾನು ಇದನ್ನೇ ಆರಿಸುತ್ತೇನೆ. ಊಟದ ಮನೆಗೆ, ಓಡಾಡುವ ಜಾಗಕ್ಕೆ ಗೋಡೆಯ ಮೇಲೆ ದಿನದಿನವೂ ಸರಿಯುವ ಬಿಸಿಲೇ ಚೆಂದ.

ಇನ್ನು ಚಿತ್ರದ ಮಾತು. ಇತ್ತೀಚೆಗೆ ಮನೆ ಕಟ್ಟಿಸುವವರ ಮೊಬೈಲಿಗೆ ನಕ್ಷೆಗಿಂತ ಮೊದಲು ಬರುವುದು ‘ತ್ರೀಡಿ’. ಕಂಪ್ಯೂಟರಿನಲ್ಲಿ ಮಾಡಿದ ಆ ಚಿತ್ರಗಳಲ್ಲಿ ಸ್ಕೈಲೈಟ್ ಇದ್ದರೆ ಸಾಕು, ಅದರಿಂದ ಹಾಲಿನ ಧಾರೆಯಂಥ ಬೆಳಕಿನ ಕೋಲುಗಳು ಇಳಿದಿರುತ್ತವೆ. ಲಕ್ಷಾಂತರ ರೂಪಾಯಿಯ ತೀರ್ಮಾನಗಳು ಆ ಚಿತ್ರ ನೋಡಿ ಆಗುತ್ತವೆ. ಆದ್ದರಿಂದ ಅದನ್ನು ಓದುವುದನ್ನು ಕಲಿಯಬೇಕು. ಬೆಳಕು ನಿಜವಾಗಿ ಹೇಗೆ ನಡೆದುಕೊಳ್ಳುತ್ತದೆ ಎಂದು ಗೊತ್ತಿದ್ದರೆ ಕಷ್ಟವೇನಲ್ಲ.

ಮೊದಲು ಆ ಕೋಲುಗಳನ್ನು ನೋಡಿ. ಬೆಳಕು ಗಾಳಿಯಲ್ಲಿ ಹೋಗುವಾಗ ಪಕ್ಕದಿಂದ ನೋಡಿದವರಿಗೆ ಕಾಣುವುದಿಲ್ಲ. ಕಾಣಬೇಕಾದರೆ ದಾರಿಯಲ್ಲಿ ಧೂಳೋ ಹೊಗೆಯೋ ಇರಬೇಕು. ಕಣಗಳು ಚದುರಿಸಿದ ಬೆಳಕು ಕಣ್ಣಿಗೆ ಬಂದಾಗ ಕೋಲು ಮೂಡುತ್ತದೆ. ಸೌದೆ ಒಲೆಯ ಅಡುಗೆಮನೆಯಲ್ಲಿ ಗಾಜಿನ ಹೆಂಚಿನಿಂದ ಇಳಿದ ಕೋಲು ಅಷ್ಟು ಸ್ಪಷ್ಟವಾಗಿ ಕಾಣುತ್ತಿದ್ದುದು ಅಲ್ಲಿನ ಹೊಗೆಯಿಂದ. ಗುಡಿಸಿ ಒರೆಸಿದ ಹೊಸ ಮನೆಯ ಹಾಲ್‌ನಲ್ಲಿ ಬಾಗಿಲು ಕೊಡವಿದಾಗಲೋ ಊದುಬತ್ತಿ ಹಚ್ಚಿದಾಗಲೋ ಕ್ಷಣಕಾಲ ತೆಳುವಾಗಿ ಕಂಡೀತು, ಅಷ್ಟೆ. ಬೆಳಕು ಬರುವ ಕಡೆಗೆ ಮುಖಮಾಡಿ ನೋಡಿದರೆ ಕೋಲು ಹೆಚ್ಚು ಕಾಣುತ್ತದೆ, ಬೆಳಕಿಗೆ ಬೆನ್ನು ಹಾಕಿ ನೋಡಿದರೆ ಕಡಿಮೆ. ಚಿತ್ರದಲ್ಲಿ ಎಲ್ಲ ಕೋನದಿಂದಲೂ ಒಂದೇ ಸಮ ದಟ್ಟ ಕೋಲುಗಳಿದ್ದರೆ ಅವು ಅಲಂಕಾರಕ್ಕೆ ಹಾಕಿದವು.

ಎರಡನೆಯದಾಗಿ ಕೋಲಿನ ಆಕಾರ. ಸೂರ್ಯ ಅಷ್ಟು ದೂರವಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಒಂದಕ್ಕೊಂದು ಸಮಾನಾಂತರ. ಮೂರಡಿಯ ಸೀಳಿನಿಂದ ಬಂದ ಬಿಸಿಲಿನ ಪಟ್ಟಿ ಇಪ್ಪತ್ತಡಿ ಕೆಳಗೂ ಮೂರಡಿಯ ಆಸುಪಾಸೇ ಇರುತ್ತದೆ, ಟಾರ್ಚಿನ ಬೆಳಕಿನಂತೆ ಹರವಿಕೊಳ್ಳುವುದಿಲ್ಲ. ಹಾಗೆ ಹರವಿಕೊಂಡಿದ್ದರೆ ಚಿತ್ರ ಮಾಡಿದವರು ಸ್ಕೈಲೈಟಿನ ಬಾಯಿಯಲ್ಲೇ ಒಂದು ದೀಪ ಅಡಗಿಸಿಟ್ಟಿದ್ದಾರೆ ಎಂದು ತಿಳಿಯಿರಿ.

ಆದರೆ ‘ಹೆಚ್ಚುಕಡಿಮೆ’ ಎಂದೆ. ಸೂರ್ಯ ಚುಕ್ಕೆಯಲ್ಲ, ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟು ಅಗಲದ ತಟ್ಟೆ. ಆ ತಟ್ಟೆಯ ಒಂದು ಅಂಚಿನಿಂದ ಬಂದ ಕಿರಣ, ಇನ್ನೊಂದು ಅಂಚಿನಿಂದ ಬಂದ ಕಿರಣಕ್ಕಿಂತ ಸ್ವಲ್ಪ ಓರೆ. ಇದರಿಂದಾಗಿ ಬಿಸಿಲಿನ ಚೌಕದ ಅಂಚು ಚಾಕುವಿನಿಂದ ಕತ್ತರಿಸಿದಂತೆ ಇರದೆ, ಹತ್ತಡಿ ದೂರಕ್ಕೆ ಒಂದು ಇಂಚಿನ ಲೆಕ್ಕದಲ್ಲಿ ಮಸುಕಾಗುತ್ತ ಹೋಗುತ್ತದೆ. ನಮ್ಮ ಸೀಳಿನಲ್ಲಿ ಡಿಸೆಂಬರಿನ ಬಿಸಿಲು ಮೇಲಿನ ನಾಲ್ಕಡಿಯಲ್ಲೇ ಮುಗಿಯುವುದರಿಂದ ಅಂಚು ಚೂಪು, ಒಂದಿಂಚಿನೊಳಗಿನ ಮಸುಕು. ಏಪ್ರಿಲಿನಲ್ಲಿ ಇಪ್ಪತ್ತಡಿ ಇಳಿದ ಚೌಕದ ಅಂಚಿಗೆ ಎರಡಿಂಚಿನ ಮೆದು ಸೆರಗು. ಆ ಸೆರಗಿನೊಳಗೆ ಬೆರಳಿಟ್ಟು ಸರಿಸಿದರೆ ಬೆರಳಿನ ಮೇಲೆ ಬಿಸಿಲು ಹಂತಹಂತವಾಗಿ ಏರುವುದು ಕಾಣುತ್ತದೆ. ಕಿಟಕಿ ಸರಳಿನ ನೆರಳು ಹತ್ತಿರದಲ್ಲಿ ಕಪ್ಪಗೂ ದೂರದಲ್ಲಿ ಬೂದಾಗಿಯೂ ಬೀಳುವುದು ಇದೇ ಕಾರಣಕ್ಕೆ. ಚಿತ್ರದಲ್ಲಿ ಎರಡು ಅಂತಸ್ತು ಇಳಿದ ಬಿಸಿಲಿನ ಅಂಚು ಗೆರೆ ಎಳೆದಂತಿದ್ದರೆ ಅಲ್ಲಿನ ಸೂರ್ಯನನ್ನು ಚುಕ್ಕೆಯಾಗಿ ಇಟ್ಟಿದ್ದಾರೆ. ಈ ತಂತ್ರಾಂಶಗಳಲ್ಲಿ ಸೂರ್ಯನ ಅಗಲವನ್ನು ಕೊಡಲು ಜಾಗವಿರುತ್ತದೆ, ಅಲ್ಲಿ ಅರ್ಧ ಡಿಗ್ರಿ ಕೊಟ್ಟರೆ ಸಾಕು.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ಆ ಇಳಿಜಾರು. ನಿಜವಾದ ಬಾವಿಯಲ್ಲಿ ಗೋಡೆ ಮೇಲೆ ಪ್ರಖರ, ಕೆಳಗೆ ಮಂದ. ಊಟದ ಜಾಗದಲ್ಲೂ ಸೀಳಿನ ಹತ್ತಿರದ ಕುರ್ಚಿಗೂ ದೂರದ ಕುರ್ಚಿಗೂ ಹಲವು ಪಟ್ಟು ವ್ಯತ್ಯಾಸ ಇರುತ್ತದೆ. ಮೋಡದ ದಿನ ಬಿಸಿಲಿನ ಚೌಕವೇ ಇಲ್ಲ, ಬರೀ ಇಳಿಜಾರು. ಬಿಸಿಲು ಬಿದ್ದ ಭಾಗ ಬೆಚ್ಚನೆಯ ಹಳದಿ, ಆಕಾಶದಿಂದಷ್ಟೇ ಬೆಳಗಿದ ಭಾಗ ತುಸು ನೀಲಿ ಛಾಯೆ. ಕೆಂಪು ರೆಡ್‌ಆಕ್ಸೈಡ್ ನೆಲವಿದ್ದರೆ ಗೋಡೆಯ ಬುಡಕ್ಕೆ ತಿಳಿಗೆಂಪು ಹತ್ತುತ್ತದೆ. ತ್ರೀಡಿ ಚಿತ್ರ ಈ ಇಳಿಜಾರನ್ನೇ ಮೊದಲು ಕೊಲ್ಲುತ್ತದೆ. ಮೂಲೆಮೂಲೆ ಚೆನ್ನಾಗಿ ಕಾಣಲೆಂದು ಎಲ್ಲೆಡೆ ಸಮನಾದ ಬೆಳಕು ತುಂಬಿರುತ್ತಾರೆ, ಫಾಲ್ಸ್ ಸೀಲಿಂಗಿನ ದೀಪಗಳೆಲ್ಲ ಉರಿಯುತ್ತಿರುತ್ತವೆ. ಮೇಲಾಗಿ ಕ್ಯಾಮೆರಾದ ಕಣ್ಣನ್ನು ಹಿಗ್ಗಿಸಿ ಕತ್ತಲೆ ಕೋಣೆಯನ್ನೂ ಬೆಳ್ಳಗೆ ತೋರಿಸಬಹುದು.

ಹಾಗಾಗಿ ಡಿಸೈನರನ್ನು ಕೇಳುವುದಿದ್ದರೆ ಹೀಗೆ ಕೇಳಿ: ಊರು ಬೆಂಗಳೂರು ಎಂದು ಕೊಟ್ಟು, ಉತ್ತರ ದಿಕ್ಕು ಸರಿಯಾಗಿಟ್ಟು, ಪಕ್ಕದ ಮನೆಗಳನ್ನೂ ನಿಲ್ಲಿಸಿ, ಎಲ್ಲ ದೀಪ ಆರಿಸಿ ಮೂರು ಚಿತ್ರ ಕೊಡಿ. ಡಿಸೆಂಬರ್ 22ರ ನಡುಹಗಲು, ಏಪ್ರಿಲ್ 24ರ ನಡುಹಗಲು, ಜುಲೈನ ಮೋಡದ ದಿನ. ಮೂರಕ್ಕೂ ಕ್ಯಾಮೆರಾದ ಎಕ್ಸ್‌ಪೋಷರ್ ಒಂದೇ ಇರಲಿ. ಮೂರೂ ಒಂದೇ ಥರ ಬಂದರೆ ಅಲ್ಲಿ ಸೂರ್ಯನೂ ಇಲ್ಲ, ಆಕಾಶವೂ ಇಲ್ಲ.

ಚಿತ್ರಕ್ಕಿಂತ ನಂಬಿಕೆಗೆ ಅರ್ಹವಾದದ್ದು ರಟ್ಟಿನ ಮಾದರಿ. ಬೆಳಕಿಗೆ ಅಳತೆಯ ಹಂಗಿಲ್ಲ. ಶಾಖವೂ ಗಾಳಿಯೂ ಚಿಕ್ಕ ಮಾದರಿಯಲ್ಲಿ ಬೇರೆ ರೀತಿ ವರ್ತಿಸುತ್ತವೆ, ಬೆಳಕು ಮಾತ್ರ ಗೋಡೆಗಳ ಬಣ್ಣ ಮತ್ತು ಅನುಪಾತ ಸರಿಯಿದ್ದರೆ ಮನೆಯೊಳಗೆ ಬಿದ್ದಂತೆಯೇ ಡಬ್ಬದೊಳಗೂ ಬೀಳುತ್ತದೆ. ಒಂದಡಿಗೆ ಒಂದಿಂಚು ಲೆಕ್ಕದಲ್ಲಿ ನಮ್ಮ ಮನೆ ಮೂವತ್ತನಾಲ್ಕು ಇಂಚು ಉದ್ದ, ಹದಿನೆಂಟು ಇಂಚು ಅಗಲ, ಇಪ್ಪತ್ತು ಇಂಚು ಎತ್ತರದ ಡಬ್ಬ. ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆ ಸಾಕು. ಒಳಗೆ ಬಿಳಿ ಕಾಗದ ಅಂಟಿಸಿ, ಸೀಳು ಕೊಯ್ದು, ಸಂದುಗಳಿಗೆಲ್ಲ ಕಪ್ಪು ಟೇಪು ಹಾಕಿ, ಏಕೆಂದರೆ ಸಂದಿನಿಂದ ನುಸುಳುವ ಎಳೆಯಷ್ಟು ಬೆಳಕೂ ಫಲಿತಾಂಶ ಕೆಡಿಸುತ್ತದೆ. ತಾರಸಿಗೆ ಒಯ್ದು ದಿಕ್ಕು ಸರಿಮಾಡಿ ಇಡಿ, ಪಕ್ಕದಲ್ಲಿ ಕೊರೆದ ಸಣ್ಣ ತೂತಿಗೆ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಆಮೇಲೆ ಸೀಳಿನ ಗೋಡೆಗೆ ಬೂದು ಕಾಗದ ಹಾಕಿ ಇನ್ನೊಮ್ಮೆ ನೋಡಿ. ಬಣ್ಣದ ಬಗ್ಗೆ ಮೇಲೆ ಹೇಳಿದ ಲೆಕ್ಕವೆಲ್ಲ ಆ ಒಂದು ನೋಟದಲ್ಲಿ ಕಣ್ಣಿಗೆ ಬರುತ್ತದೆ. ಮೊಬೈಲಿನ ಲಕ್ಸ್ ಅಳೆಯುವ ಆ್ಯಪ್ ಹೇಳುವ ಸಂಖ್ಯೆಯನ್ನು ಹಾಗೆಯೇ ನಂಬಲಾಗದು. ಮೋಡದ ದಿನ ಬಯಲಿನಲ್ಲಿ ಎಷ್ಟು, ಡಬ್ಬದ ತಳದಲ್ಲಿ ಎಷ್ಟು ಎಂದು ಅನುಪಾತ ನೋಡಲು ಅದು ಸಾಕು.

ಕಟ್ಟುವಾಗ ಕೆಡುವುದು ಹೆಚ್ಚಾಗಿ ಮೇಲಿನ ಅಂಚಿನಲ್ಲಿ. ಸೀಳಿನ ಸುತ್ತ ಮೋಲ್ಡಿನ ಜೊತೆಯಲ್ಲೇ ಒಂಬತ್ತು ಇಂಚು ಎತ್ತರದ ಕಾಂಕ್ರೀಟ್ ಕಟ್ಟೆ ಎತ್ತಬೇಕು. ಆಮೇಲೆ ಇಟ್ಟಿಗೆ ಇಟ್ಟು ಕಟ್ಟಿದರೆ ಹಳೆಯ ಹೊಸ ಕಾಂಕ್ರೀಟಿನ ಸಂದಿನಿಂದಲೇ ಮೊದಲ ಮಳೆಗೆ ನೀರು. ಗಾಜು ಕಟ್ಟೆಯಿಂದ ಹೊರಗೆ ಚಾಚಿರಬೇಕು, ನೀರು ಹರಿಯುವಷ್ಟು ಇಳಿಜಾರಿರಬೇಕು. ಬರೀ ಸಿಲಿಕಾನಿನ ಮೇಲೆ ಭರವಸೆ ಇಡಬೇಡಿ. ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು. ಒಡೆದರೂ ನಡುವಿನ ಪೊರೆ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ಊಟಕ್ಕೆ ಕೂತವರ ತಲೆಗೆ ಬೀಳುವುದಿಲ್ಲ. ಕಟ್ಟೆಗೂ ಗಾಜಿಗೂ ನಡುವೆ ಸೊಳ್ಳೆಪರದೆ ಹಾಕಿದ ಸಂದು ಬಿಟ್ಟರೆ ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಸೀಳಿಗೆ ದಕ್ಷಿಣದಲ್ಲಿ ನೀರಿನ ಟ್ಯಾಂಕು, ಸೋಲಾರ್ ಹೀಟರು ಇಡಬೇಡಿ. ಮನೆ ಮುಗಿದ ಮೇಲೆ ಪ್ಲಂಬರ್ ಬಂದು ಖಾಲಿ ಕಂಡ ಜಾಗದಲ್ಲಿ ಟ್ಯಾಂಕ್ ಕೂರಿಸಿ ಹೋಗುವುದು ನಡೆದೇ ಇರುತ್ತದೆ, ನಕ್ಷೆಯಲ್ಲೇ ಗುರುತು ಹಾಕಿಸಿಬಿಡಿ. ಇನ್ನೊಂದು ಮಿತಿಯನ್ನೂ ಹೇಳಬೇಕು: ತೆರೆದ ಸೀಳಿನಲ್ಲಿ ಬೆಳಕಿನ ಜೊತೆ ಮಾತೂ, ಒಗ್ಗರಣೆಯ ವಾಸನೆಯೂ ಅಂತಸ್ತಿನಿಂದ ಅಂತಸ್ತಿಗೆ ಹೋಗುತ್ತವೆ. ಕೆಳಗೆ ಬಾಡಿಗೆಯವರಿದ್ದರೆ ಮಹಡಿಯ ಮಟ್ಟದಲ್ಲಿ ಗಾಜು ಹಾಕಲೇಬೇಕಾಗುತ್ತದೆ.

ಈಗಾಗಲೇ ಕಟ್ಟಿ ಕೂತವರು ಏನು ಮಾಡಬೇಕು? ಮೋಲ್ಡ್ ಒಡೆಯುವ ಮೊದಲು ಅಗ್ಗದ ದಾರಿಗಳನ್ನು ಮುಗಿಸಿ. ಡಕ್ಟಿನ ಮೇಲಿನ ಹಳದಿ ಶೀಟ್ ತೆಗೆದು ಗಾಜು ಹಾಕಿಸಿ. ಒಳಗೆ ಗಾರೆ ಮಾಡಿಸಿ ಮ್ಯಾಟ್ ಬಿಳಿ ಬಳಿಸಿ, ಪೈಪುಗಳಿಗೂ ಬಿಳಿ. ಡಕ್ಟಿಗೆ ತೆರೆದಿರುವ ಪುಟ್ಟ ವೆಂಟಿಲೇಟರನ್ನು ನೆಲದ ಕಡೆಗೆ ದೊಡ್ಡದು ಮಾಡಿಸಿ. ಇಷ್ಟಾದ ಮೇಲೂ ಸಾಲದಿದ್ದರೆ, ಮಹಡಿಯ ಕೋಣೆಗೆ ಮಾತ್ರವಾದರೆ, ಕಬ್ಬಿಣ ಎಲ್ಲಿದೆಯೆಂದು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳಿದ ಜಾಗದಲ್ಲಿ, ಬೀಮು ಮುಟ್ಟದೆ, ಹತ್ತು ಹನ್ನೆರಡು ಇಂಚಿನ ದುಂಡು ತೂತು ಕೊರೆಸಿ ಬೆಳಕಿನ ಕೊಳವೆ ಇಳಿಸಬಹುದು. ಕನ್ನಡಿಗಿಂತ ಹೊಳೆಯುವ ಒಳಮೈಯ ಕೊಳವೆ ಅದು, ಮೇಲೆ ಪಾರದರ್ಶಕ ಗುಮ್ಮಟ, ಕೆಳಗೆ ಬೆಳಕು ಚದುರಿಸುವ ತಟ್ಟೆ. ಗೋಡೆಯ ಮೇಲೆ ಸರಿಯುವ ಬಿಸಿಲಾಗಲಿ ಇಳಿಜಾರಾಗಲಿ ಅದರಲ್ಲಿ ಸಿಗುವುದಿಲ್ಲ, ಮಾಳಿಗೆಯಲ್ಲಿ ಒಂದು ಬೆಳಕಿನ ಬಿಲ್ಲೆ ಮಾತ್ರ. ಓಣಿಗೆ, ಬಚ್ಚಲಿಗೆ, ಮೆಟ್ಟಿಲಿನ ತಿರುವಿಗೆ ಅಷ್ಟು ಸಾಕು. ಹಗಲು ಹೊತ್ತು ಅಲ್ಲಿ ಸ್ವಿಚ್ ಒತ್ತುವ ಕೆಲಸ ಇರುವುದಿಲ್ಲ.